400 ಕೆವಿ ಲೈನಿಗೆ ಎರಡೆರಡು ತಂತಿ ಯಾಕೆ? ಸ್ಕಿನ್ ಎಫೆಕ್ಟ್ ಅಂದರೆ ಲೆಕ್ಕ ಕೂಡುತ್ತಿಲ್ಲ

ಶಿರಾ ಹುಡುಗ

ನಾನು ಇಇಇ ಮೂರನೇ ವರ್ಷ. ನಮ್ಮೂರ ಹೊರಗೆ 220 ಕೆವಿ ಲೈನ್ ಹೋಗುತ್ತದೆ, ಫೇಸಿಗೆ ಒಂದೇ ತಂತಿ. ಸ್ವಲ್ಪ ಮುಂದೆ 400 ಕೆವಿ ಲೈನ್ ಇದೆ, ಅದಕ್ಕೆ ಎರಡೆರಡು. 765 ಕೆವಿಯಲ್ಲಿ ನಾಲ್ಕು ಇರುತ್ತವೆ, ಕೆಲವು ಕಡೆ ಆರೂ ಇವೆಯಂತೆ. ಯಾಕೆ ಅಂತ ಕೇಳಿದರೆ ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಸ್ಕಿನ್ ಎಫೆಕ್ಟ್ ಅನ್ನುತ್ತಾರೆ. ಕರೆಂಟ್ ತಂತಿಯ ಹೊರಮೈಯಲ್ಲೇ ಹರಿಯುತ್ತದೆ, ಅದಕ್ಕೆ ಒಂದು ದಪ್ಪ ತಂತಿಯ ಬದಲು ಎರಡು ಸಣ್ಣ ತಂತಿ ಹಾಕುತ್ತಾರೆ ಅಂತ.

ಸರಿ, ಲೆಕ್ಕ ಹಾಕಿ ನೋಡೋಣ ಅಂತ ಕೂತೆ. 50 ಹರ್ಟ್ಜ್‌ನಲ್ಲಿ ಅಲ್ಯೂಮಿನಿಯಂನ ಸ್ಕಿನ್ ಡೆಪ್ತ್ ಸುಮಾರು 12 ಮಿಮೀ. 400 ಕೆವಿಗೆ ಹಾಕುವ ಮೂಸ್ ಕಂಡಕ್ಟರ್‌ನ ವ್ಯಾಸ 31.77 ಮಿಮೀ. ನಡುವೆ ಉಕ್ಕಿನ ಕೋರ್ ಇದೆ. ಅದನ್ನು ಬಿಟ್ಟರೆ ಸುತ್ತಲಿನ ಅಲ್ಯೂಮಿನಿಯಂ ಪದರದ ದಪ್ಪ 10.6 ಮಿಮೀ ಮಾತ್ರ. ಅಂದರೆ ಸ್ಕಿನ್ ಡೆಪ್ತ್‌ಗಿಂತ ಕಡಿಮೆ. ಹಾಗಾದರೆ ಅಲ್ಲಿ ಸ್ಕಿನ್ ಎಫೆಕ್ಟ್ ಮಾಡುವ ಹಾನಿಯಾದರೂ ಎಷ್ಟು? ಎರಡನೇ ತಂತಿಗೆ ನಿಜವಾದ ಕಾರಣ ಏನು?

ಕಾಪರ್ ಕುಮಾರ

ತಮ್ಮಾ, ನಾನು ಇಂಡಕ್ಷನ್ ಫರ್ನೇಸ್ ಕಾಯಿಲ್ ಕಟ್ಟುವವನು. ಸ್ಕಿನ್ ಎಫೆಕ್ಟ್ ಜೊತೆಗೇ ನಮ್ಮ ಜೀವನ. 10 ಕಿಲೋಹರ್ಟ್ಜ್‌ಗೆ ಹೋದರೆ ತಾಮ್ರದಲ್ಲಿ ಕರೆಂಟ್ ಮುಕ್ಕಾಲು ಮಿಮೀ ಕೂಡ ಒಳಗೆ ಇಳಿಯುವುದಿಲ್ಲ. ಅದಕ್ಕೇ ಲಿಟ್ಜ್ ವೈರ್ ಬಳಸುತ್ತೇವೆ, ನೂರಾರು ಸಣ್ಣ ಎಳೆ. ಬಂಡಲ್ ಕಂಡಕ್ಟರ್ ಅಂದರೆ ಅದೇ, ದೊಡ್ಡ ಸೈಜಿನ ಲಿಟ್ಜ್. ನಿಮ್ಮ ಕ್ಲಾಸಿನವರು ಹೇಳಿದ್ದು ಸರಿಯಾಗಿಯೇ ಇದೆ.

ಟವರ್ ಹತ್ತಿದವ

ಕುಮಾರ್ ಅವರೇ, 10 ಕಿಲೋಹರ್ಟ್ಜ್‌ನಲ್ಲಿ ನೀವು ಹೇಳಿದ್ದು ನಿಜ. ಇಲ್ಲಿ 50 ಹರ್ಟ್ಜ್. ಹುಡುಗ ಹಾಕಿದ ಲೆಕ್ಕ ಸರಿ ಇದೆ. ಮೂಸ್ ಕಂಡಕ್ಟರ್‌ಗೆ ಸ್ಕಿನ್ ಎಫೆಕ್ಟ್‌ನಿಂದ ರೆಸಿಸ್ಟೆನ್ಸ್ ಹೆಚ್ಚುವುದು ಶೇಕಡಾ 2ರ ಆಸುಪಾಸು. ಮಧ್ಯಾಹ್ನದ ಬಿಸಿಲಿಗೆ ತಂತಿ ಕಾದಾಗ ರೆಸಿಸ್ಟೆನ್ಸ್ ಏರುವುದು ಇದರ ಎಷ್ಟೋ ಪಟ್ಟು. ಆ ಶೇಕಡಾ 2ಕ್ಕಾಗಿ ಯಾರೂ ಟವರ್ ಮೇಲೆ ಇನ್ನೊಂದು ತಂತಿ ಎಳೆಯುವುದಿಲ್ಲ.

ಇನ್ನೊಂದು ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ±500 ಕೆವಿ ಡಿಸಿ ಲೈನ್ ಬಂದಿದೆ. 2003ರಲ್ಲಿ ಚಾಲೂ ಆಯಿತು, ಉದ್ದ 1,370 ಕಿಮೀ ಹತ್ತಿರ. ಡಿಸಿಯಲ್ಲಿ ಸ್ಕಿನ್ ಎಫೆಕ್ಟ್ ಅನ್ನುವುದೇ ಇಲ್ಲ. ಆದರೂ ಒಂದೊಂದು ಪೋಲ್‌ಗೆ, ಅಂದರೆ ಪ್ಲಸ್ ಕಡೆಗೂ ಮೈನಸ್ ಕಡೆಗೂ, ನಾಲ್ಕು ನಾಲ್ಕು ತಂತಿ. ಯಾಕೆ ಹೇಳಿ?

ಕಾಪರ್ ಕುಮಾರ

ಅದು ಶುರುವಿನಲ್ಲಿ 2000 ಮೆಗಾವಾಟ್ ಲೈನ್ ಅಲ್ವಾ ಸರ್? ಎರಡು ಪೋಲ್ ಸೇರಿ 1000 ಕೆವಿ, ಅಂದರೆ 2000 ಆಂಪಿಯರ್. ಅಷ್ಟು ಕರೆಂಟ್ ಸಾಗಿಸಲು ಅಷ್ಟು ಲೋಹ ಬೇಕೇ ಬೇಕು. ನಾಲ್ಕು ತಂತಿ ಅದಕ್ಕೆ ಇರಬಹುದು. ನಿಮ್ಮ ಸಾಕ್ಷಿ ಪೂರ್ತಿ ಕೂರಲಿಲ್ಲ.

ಟವರ್ ಹತ್ತಿದವ

ಒಳ್ಳೆಯ ಪ್ರಶ್ನೆ. ಲೋಹ ಎಷ್ಟು ಬೇಕು ಅನ್ನುವುದನ್ನು ಕರೆಂಟ್ ತೀರ್ಮಾನಿಸುತ್ತದೆ, ಒಪ್ಪಿದೆ. ಆದರೆ ಆ ಲೋಹವನ್ನು ಒಂದೇ ತಂತಿಯಾಗಿ ಇಡಬೇಕೋ, ನಾಲ್ಕಾಗಿ ಹಂಚಿ ಅರ್ಧ ಮೀಟರ್ ದೂರ ದೂರ ಇಡಬೇಕೋ ಅನ್ನುವುದು ವೋಲ್ಟೇಜಿನ ಮಾತು. ತಂತಿಯ ಮೈಮೇಲೆ ಗಾಳಿಗೆ ಬೀಳುವ ಒತ್ತಡ ಎಷ್ಟು ಅನ್ನುವುದೇ ಇಲ್ಲಿ ಮುಖ್ಯ. ಅದು ಮಿತಿ ಮೀರಿದರೆ ತಂತಿಯ ಸುತ್ತ ಗಾಳಿ ಒಡೆಯಲು ಶುರುವಾಗುತ್ತದೆ. ಅದೇ ಕೊರೋನಾ. ರಾತ್ರಿ ನೇರಳೆ ಬೆಳಕು, ಸುಯ್ ಅನ್ನುವ ಸದ್ದು, ಓಜೋನ್ ವಾಸನೆ, ಜೊತೆಗೆ ನಷ್ಟ.

400 ಕೆವಿ ಲೈನನ್ನೇ ಹಿಡಿದು ಲೆಕ್ಕ ಮಾಡೋಣ. ಫೇಸ್‌ಗಳ ನಡುವೆ 11 ಮೀಟರ್, ಮೂರೂ ಒಂದೇ ಎತ್ತರದಲ್ಲಿ ಸಾಲಾಗಿ ಇವೆ ಅಂದುಕೊಳ್ಳಿ. ಸಮಾನ ಅಂತರ ಸುಮಾರು 14 ಮೀಟರ್ ಆಗುತ್ತದೆ. ಫೇಸಿನಿಂದ ನೆಲಕ್ಕೆ 231 ಕೆವಿ. ಮೊದಲು ಒಂದೇ ಮೂಸ್ ತಂತಿ ಹಾಕಿದರೆ:

```
E = V / (r · ln(D/r))
  = 231 / (1.5885 × ln(1400/1.5885))
  = 21.4 kV/cm (rms)
```

ಈಗ ಅದೇ ತಂತಿ ಎರಡು, ನಡುವೆ 45 ಸೆಂಮೀ:

```
req  = sqrt(1.5885 × 45) = 8.46 cm
Eav  = 231 / (2 × 1.5885 × ln(1400/8.46)) = 14.2
Emax = 14.2 × (1 + 1.5885/22.5) = 15.2 kV/cm (rms)
```

ಗಾಳಿ ಎಷ್ಟು ತಡೆಯುತ್ತದೆ? ಸಮುದ್ರಮಟ್ಟದಲ್ಲಿ, ನುಣ್ಣಗಿನ ತಂತಿಗೆ ಪೀಕ್ ಅನ್ನುವ ಎಂಜಿನಿಯರ್ ಕೊಟ್ಟ ಅಂಕಿ ಸೆಂಟಿಮೀಟರಿಗೆ 21.2 ಕೆವಿ. ನಮ್ಮ ತಂತಿ ನುಣ್ಣಗಿಲ್ಲ, ಎಳೆ ಎಳೆಯಾಗಿ ಹೊಸೆದದ್ದು. ಅದಕ್ಕೆ 0.85ರಿಂದ ಗುಣಿಸಿ. ಬೆಂಗಳೂರಿನ ಎತ್ತರ ಸುಮಾರು 900 ಮೀಟರ್, ಗಾಳಿ ತೆಳು. 30 ಡಿಗ್ರಿ ಸೆಕೆಯಲ್ಲಿ ಸಾಂದ್ರತೆ 0.89 ಹತ್ತಿರ. ಎಲ್ಲ ಸೇರಿ 16 ಆಯಿತು.

ಒಂಟಿ ತಂತಿಗೆ 21.4, ಮಿತಿ 16. ಆ ಲೈನ್ ಬಿಸಿಲಲ್ಲೂ ಇಡೀ ಉದ್ದಕ್ಕೂ ಉರಿಯುತ್ತಾ ನಿಲ್ಲುತ್ತದೆ. ಜೋಡಿ ತಂತಿಗೆ 15.2. ಕೂದಲೆಳೆಯಲ್ಲಿ ಪಾರು.

ಶಿರಾ ಹುಡುಗ

ಈಗ ಬೆಳಕಾಯಿತು ಸರ್! ಅದೇ ಸೂತ್ರಕ್ಕೆ 220 ಕೆವಿ ಹಾಕಿದೆ. ಡ್ರೇಕ್ ಕಂಡಕ್ಟರ್, ಫೇಸ್ ವೋಲ್ಟೇಜ್ 127 ಕೆವಿ, ಸಮಾನ ಅಂತರ 8 ಮೀಟರ್ ಅಂತ ಇಟ್ಟುಕೊಂಡೆ. 14.2 ಬಂತು. ಅದಕ್ಕೇ ನಮ್ಮೂರ ಲೈನಿಗೆ ಒಂದೇ ತಂತಿ ಸಾಕಾಗಿದೆ.

ಆದರೆ ಒಂದು ಅನುಮಾನ. ಎರಡು ತಂತಿಯ ಬದಲು ಅಷ್ಟೇ ಲೋಹದ ಒಂದು ದಪ್ಪ ತಂತಿ ಹಾಕಿದರೆ? ತ್ರಿಜ್ಯ ಜಾಸ್ತಿ ಆದರೂ ಒತ್ತಡ ಇಳಿಯುತ್ತದೆ ಅಲ್ವಾ?

ಸುಮಾ ಲೈನ್ ಡಿಸೈನ್

ಇಳಿಯುತ್ತದೆ, ನಿಮ್ಮ ಊಹೆ ಸರಿ. ಎರಡು ಮೂಸ್‌ನಷ್ಟು ಲೋಹವನ್ನು ಒಂದೇ ತಂತಿಯಲ್ಲಿ ತುಂಬಿದರೆ ವ್ಯಾಸ 45 ಮಿಮೀ ಹತ್ತಿರ ಬರುತ್ತದೆ. ಅದೇ ಸೂತ್ರದಲ್ಲಿ ಒತ್ತಡ 16.0. ಜೋಡಿಯ 15.2ಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಂದರೆ ಕೊರೋನಾ ಒಂದನ್ನೇ ನೋಡಿದರೆ 400 ಕೆವಿಯಲ್ಲಿ ದಪ್ಪ ತಂತಿಯೂ ಹೆಚ್ಚುಕಡಿಮೆ ದಡ ಮುಟ್ಟುತ್ತದೆ. ಟವರ್ ಸರ್ ಈ ಭಾಗ ಹೇಳದೆ ಮುಂದೆ ಹೋದರು.

ಬೇರೆ ಲೆಕ್ಕಗಳಲ್ಲಿ ಅದು ಸೋಲುತ್ತದೆ. ದೊಡ್ಡ ಸೋಲು ರಿಯಾಕ್ಟೆನ್ಸಿನಲ್ಲಿ. ಒಂಟಿ ಮೂಸ್‌ಗೆ ಕಿಲೋಮೀಟರಿಗೆ 0.44 ಓಮ್. 45 ಮಿಮೀ ದಪ್ಪ ತಂತಿಗೆ 0.42. ಲೋಹ ದುಪ್ಪಟ್ಟು ಸುರಿದರೂ ಅಷ್ಟೇ ಇಳಿಯಿತು ನೋಡಿ. ಅದೇ ಲೋಹವನ್ನು ಎರಡಾಗಿ ಮಾಡಿ 45 ಸೆಂಮೀ ದೂರ ಇಟ್ಟರೆ 0.33. ಉದ್ದನೆಯ ಲೈನಿನಲ್ಲಿ ಎಷ್ಟು ಪವರ್ ಕಳಿಸಬಹುದು ಅನ್ನುವುದನ್ನು ಹಿಡಿದಿಡುವುದು ರೆಸಿಸ್ಟೆನ್ಸ್ ಅಲ್ಲ, ಈ ರಿಯಾಕ್ಟೆನ್ಸ್. ಸರ್ಜ್ ಇಂಪೀಡೆನ್ಸ್ ಲೋಡಿಂಗ್ ತೆಗೆದು ನೋಡಿ. ಒಂಟಿ ಮೂಸ್‌ನಲ್ಲಿ 390 ಮೆಗಾವಾಟ್‌ಗೂ ಕಡಿಮೆ, ಜೋಡಿ ಮೂಸ್‌ನಲ್ಲಿ 515. ಈ 515 ಅನ್ನುವ ಅಂಕಿ ನಮ್ಮ ಫೀಲ್ಡಿನಲ್ಲಿ ಎಲ್ಲರ ಬಾಯಲ್ಲೂ ಇದೆ.

ಕುಮಾರ್ ಅವರಿಗೂ ಸ್ವಲ್ಪ ನ್ಯಾಯ ಸಿಗಬೇಕು. ಆ 45 ಮಿಮೀ ತಂತಿಯಲ್ಲಿ ಸ್ಕಿನ್ ಎಫೆಕ್ಟ್ ಶೇಕಡಾ 2ಕ್ಕೆ ನಿಲ್ಲುವುದಿಲ್ಲ, 7–8ರ ಹತ್ತಿರ ಹೋಗುತ್ತದೆ. ದಪ್ಪ ಏರಿದಂತೆ ಅದು ಜೋರಾಗಿ ಏರುತ್ತದೆ. ಹಾಗಾಗಿ ಬಂಡಲ್ ಮಾಡಿದಾಗ ಸ್ಕಿನ್ ಎಫೆಕ್ಟ್ ತಾನಾಗಿಯೇ ಸಣ್ಣದಾಗಿ ಉಳಿಯುತ್ತದೆ. ಅದು ಪುಕ್ಕಟೆ ಸಿಕ್ಕ ಲಾಭ, ಬಂಡಲ್ ಮಾಡಿದ್ದು ಅದಕ್ಕಲ್ಲ.

ಕಾಪರ್ ಕುಮಾರ

ಅಂದರೆ ನಾನು ಅರ್ಧ ಪಾಸು. ಆಗಲಿ ಮೇಡಂ 😄 ಆದರೆ ಆ ಮೂಸ್ ಒಳಗೂ ಎಳೆಗಳಿವೆಯಲ್ಲ, 54 ಅಲ್ಯೂಮಿನಿಯಂ ಎಳೆ. ಅದಾದರೂ ಲಿಟ್ಜ್ ಹೌದೋ ಅಲ್ಲವೋ?

ಟವರ್ ಹತ್ತಿದವ

ಅಲ್ಲ. ಲಿಟ್ಜ್‌ನಲ್ಲಿ ಒಂದೊಂದು ಎಳೆಗೂ ಎನಾಮೆಲ್ ಇರುತ್ತದೆ. ಜೊತೆಗೆ ಪ್ರತಿ ಎಳೆಯೂ ಒಳಗೆ ಹೊರಗೆ ಜಾಗ ಬದಲಿಸುತ್ತಾ ಹೋಗುತ್ತದೆ. ಮೂಸ್‌ನಲ್ಲಿ ಬರಿಯ ಎಳೆಗಳು ಒಂದಕ್ಕೊಂದು ಒತ್ತಿಕೊಂಡಿವೆ, ಹೊರ ಪದರದ ಎಳೆ ಕೊನೆಯವರೆಗೂ ಹೊರಗೇ ಇರುತ್ತದೆ. ಎಳೆ ಮಾಡಿರುವುದು ಡ್ರಮ್ಮಿಗೆ ಸುತ್ತಲು ಬಗ್ಗಲಿ ಅಂತ.

ಆದರೆ ಅದರಲ್ಲೊಂದು ತಮಾಷೆ ಇದೆ. ಮೂಸ್‌ನಲ್ಲಿ ಅಲ್ಯೂಮಿನಿಯಂ ಮೂರು ಪದರ: 12, 18, 24 ಎಳೆ. ಒಂದು ಪದರ ಬಲಕ್ಕೆ ಸುತ್ತಿದರೆ ಮುಂದಿನದು ಎಡಕ್ಕೆ. ಎರಡು ಪದರ ಇದ್ದರೆ ಉಕ್ಕಿನ ಕೋರ್‌ನಲ್ಲಿ ಅವು ಹುಟ್ಟಿಸುವ ಅಯಸ್ಕಾಂತ ಬಲ ಒಂದನ್ನೊಂದು ಹೆಚ್ಚುಕಡಿಮೆ ಹೊಡೆದುಹಾಕುತ್ತದೆ. ಮೂರು ಇದ್ದಾಗ ಸ್ವಲ್ಪ ಉಳಿಯುತ್ತದೆ. ಅದರಿಂದ ಜಾಸ್ತಿ ಕರೆಂಟಿನಲ್ಲಿ ರೆಸಿಸ್ಟೆನ್ಸ್ ಇನ್ನೂ ಒಂದಿಷ್ಟು ಏರುತ್ತದೆ. ಸ್ಕಿನ್ ಎಫೆಕ್ಟ್ ಅಂತ ಜನ ಅಳೆದು ಹೇಳುವ ಅಂಕಿಯಲ್ಲಿ ಇದೂ ಬೆರೆತಿರುವುದುಂಟು.

ಪದ್ಮಾ ಲೇಔಟ್

ನಮ್ಮ ಮನೆ ಮುಂದಿನ 11 ಕೆವಿ ಕಂಬದಲ್ಲೂ ಈ ಕೊರೋನಾ ಇದೆ ಅನ್ನಿಸುತ್ತದೆ. ಜಿಟಿಜಿಟಿ ಮಳೆ ಬಂದರೆ ಚರ್ ಚರ್ ಅಂತ ಸದ್ದು, ರಾತ್ರಿ ಪಿಂಗಾಣಿ ಹತ್ತಿರ ನೀಲಿ ಕಿಡಿ ಕಾಣುತ್ತದೆ. ದೂರು ಕೊಟ್ಟರೆ ಮಳೆಗಾಲದಲ್ಲಿ ಹಾಗೇ ಅಮ್ಮಾ ಅಂದರು. ನಮಗೂ ಎರಡೆರಡು ತಂತಿ ಹಾಕಿ ಅಂತ ಅರ್ಜಿ ಕೊಡಬಹುದಾ?

ಸುಮಾ ಲೈನ್ ಡಿಸೈನ್

ಪದ್ಮಾ ಅವರೇ, ಅದು ಬೇರೆ ಕಾಯಿಲೆ. 11 ಕೆವಿ ಲೈನಿನಲ್ಲಿ ರ‍್ಯಾಬಿಟ್ ತಂತಿ ಇದ್ದರೆ ಅದರ ಮೈಮೇಲಿನ ಒತ್ತಡ ಸೆಂಟಿಮೀಟರಿಗೆ 2.5 ಕೆವಿಗೂ ಕಡಿಮೆ. ಅಲ್ಲಿ ತಂತಿಯ ಉದ್ದಕ್ಕೂ ಕೊರೋನಾ ಬರಲು ಸಾಧ್ಯವೇ ಇಲ್ಲ. ಕಿಡಿ ಒಂದೇ ಜಾಗದಲ್ಲಿ, ಇನ್ಸುಲೇಟರ್ ಹತ್ತಿರ ಕಾಣುತ್ತಿದ್ದರೆ ಪಿಂಗಾಣಿ ಮೇಲೆ ಧೂಳು ಕಟ್ಟಿ ಒದ್ದೆಯಾಗಿದೆ, ಇಲ್ಲವೇ ಬಿರುಕು ಬಿಟ್ಟಿದೆ, ಇಲ್ಲವೇ ತಂತಿ ಕಟ್ಟಿದ ಬೈಂಡಿಂಗ್ ಸಡಿಲವಾಗಿದೆ. "ಮಳೆಗಾಲದಲ್ಲಿ ಹಾಗೇ" ಅಂತ ಬಿಡುವ ವಿಷಯ ಅಲ್ಲ. ಕಂಬದ ನಂಬರ್ ಬರೆದು, ರಾತ್ರಿ ದೂರದಿಂದ ತೆಗೆದ ವಿಡಿಯೋ ಸೇರಿಸಿ ಮತ್ತೆ ದೂರು ಕೊಡಿ. ಕಂಬವನ್ನೂ ಅದರ ಸ್ಟೇ ತಂತಿಯನ್ನೂ ಯಾರೂ ಮುಟ್ಟಬಾರದು.

ತೆಂಗಿನ ತೋಟ

ನನ್ನ ಹೊಲದ ಮೇಲೆ 400 ಕೆವಿ ಲೈನ್ ಹೋಗಿದೆ. ನೀವೆಲ್ಲ ಲೆಕ್ಕ ಹಾಕುತ್ತಿದ್ದೀರಿ, ನಾನು ದಿನಾ ಕೇಳುತ್ತೇನೆ. ಬೇಸಿಗೆಯಲ್ಲಿ ಸುಮ್ಮನೆ ಇರುತ್ತದೆ. ಮಳೆ ಬಿದ್ದರೆ ಬಾಣಲೆಯಲ್ಲಿ ಒಗ್ಗರಣೆ ಹಾಕಿದ ಹಾಗೆ ಸದ್ದು. ಲೈನ್ ಹೊಸದಾಗಿ ಚಾರ್ಜ್ ಆದ ವರ್ಷ ಇನ್ನೂ ಜೋರಾಗಿತ್ತು, ಈಗ ಕಡಿಮೆ. ಅಕ್ಕಪಕ್ಕದವರು ಕರೆಂಟ್ ಸೋರಿ ಹೊಲಕ್ಕೆ ಇಳಿಯುತ್ತಿದೆ ಅನ್ನುತ್ತಾರೆ. ಟ್ಯೂಬ್‌ಲೈಟ್ ಕೈಯಲ್ಲಿ ಹಿಡಿದು ನಿಂತರೆ ಮಿಣಮಿಣ ಅನ್ನುವುದನ್ನು ನಾನೇ ನೋಡಿದ್ದೇನೆ. ತಂತಿ ಬೇಲಿ ಮುಟ್ಟಿದರೆ ಚುರ್ ಅನ್ನುತ್ತದೆ. ಇದೆಲ್ಲ ಕೊರೋನಾನೇನಾ?

ಟವರ್ ಹತ್ತಿದವ

ಯಜಮಾನ್ರೇ, ನೀವು ಹೇಳಿದ ಮೂರರಲ್ಲಿ ಸದ್ದು ಮಾತ್ರ ಕೊರೋನಾ. ಟ್ಯೂಬ್‌ಲೈಟೂ ಬೇಲಿಯೂ ಬೇರೆ. ಲೈನ್ ಕೆಳಗಿನ ಗಾಳಿಯಲ್ಲಿ ವಿದ್ಯುತ್ ಕ್ಷೇತ್ರ ಇರುತ್ತದೆ. ಅದು ಲೈನಿನಲ್ಲಿ ಕೊರೋನಾ ಸ್ವಲ್ಪವೂ ಇಲ್ಲದಿದ್ದರೂ ಇರುತ್ತದೆ. ಟ್ಯೂಬ್ ಬೆಳಗುವುದು ಅದರಿಂದ. ಮರದ ಗೂಟದ ಮೇಲಿನ ತಂತಿ ಬೇಲಿ ನೆಲಕ್ಕೆ ತಾಗದೆ ತೇಲುತ್ತಿರುತ್ತದೆ, ಅದಕ್ಕೆ ಚಾರ್ಜ್ ಏರುತ್ತದೆ. ನೀವು ಮುಟ್ಟಿದಾಗ ನಿಮ್ಮ ಮೂಲಕ ಇಳಿಯುತ್ತದೆ. ಲೈನ್ ಕೆಳಗೆ ಹಾದುಹೋಗುವ ಕಡೆ ಅಲ್ಲಲ್ಲಿ ಬೇಲಿಗೆ ಒಂದು ಕಬ್ಬಿಣದ ಸರಳು ಕಟ್ಟಿ ಭೂಮಿಗೆ ಇಳಿಸಿಬಿಡಿ, ಚುರ್ ಅನ್ನುವುದು ನಿಲ್ಲುತ್ತದೆ. ಲೈನಿನ ಸಿಬ್ಬಂದಿಗೆ ಹೇಳಿ ಮಾಡಿಸಿದರೆ ಇನ್ನೂ ಒಳ್ಳೆಯದು. ಟ್ಯೂಬ್ ಹಿಡಿದು ಆಡುವುದು ಮಾತ್ರ ಬೇಡ, ಉದ್ದದ ವಸ್ತು ಎತ್ತಿ ಹಿಡಿಯುವ ಜಾಗ ಅಲ್ಲ ಅದು.

ಸದ್ದಿನ ವಿಷಯದಲ್ಲಿ ನೀವು ಗಮನಿಸಿದ್ದು ಬಹಳ ಸರಿ. ಮಳೆಯಲ್ಲಿ ತಂತಿಯ ಕೆಳಮೈಯಲ್ಲಿ ಹನಿಗಳು ನೇತಾಡುತ್ತವೆ. ವಿದ್ಯುತ್ ಒತ್ತಡ ಆ ಹನಿಯನ್ನು ಎಳೆದು ಮೊನಚು ಮಾಡುತ್ತದೆ. ಮೊನೆಯಲ್ಲಿ ಒತ್ತಡ ಏಕಾಏಕಿ ಏರುತ್ತದೆ, ಗಾಳಿ ಅಲ್ಲಿ ಒಡೆಯುತ್ತದೆ, ಹನಿ ಸಿಡಿಯುತ್ತದೆ. ನಾನು ಲೆಕ್ಕ ಹಾಕಿದ 15.2 ಮತ್ತು 16ರ ನಡುವಿನ ಅಂತರ ಒಣ ತಂತಿಗೆ ಮಾತ್ರ ಸಾಕು. ಒದ್ದೆ ತಂತಿಗೆ ಆ 16 ಉಳಿಯುವುದಿಲ್ಲ, ಬಹಳ ಕೆಳಗಿಳಿಯುತ್ತದೆ. ಹಾಗಾಗಿ ಮಳೆಯಲ್ಲಿ ಜೋಡಿ ತಂತಿ ಲೈನೂ ಸದ್ದು ಮಾಡಿಯೇ ಮಾಡುತ್ತದೆ. ಅದು ಕೆಟ್ಟಿದೆ ಅಂತ ಅರ್ಥ ಅಲ್ಲ.

ಹೊಸದರಲ್ಲಿ ಜಾಸ್ತಿ ಯಾಕೆ ಅಂದರೆ, ಹೊಸ ಅಲ್ಯೂಮಿನಿಯಂ ಮೇಲೆ ಎಳೆಯುವಾಗಿನ ಎಣ್ಣೆ ಜಿಡ್ಡು ಇರುತ್ತದೆ. ನೀರು ಹರಡದೆ ಮೈತುಂಬ ಮುತ್ತು ಮುತ್ತಾಗಿ ನಿಲ್ಲುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಮೈ ಬೂದು ಬಣ್ಣಕ್ಕೆ ತಿರುಗುತ್ತದೆ, ನೀರು ಎಳೆಗಳ ಸಂದಿಗೆ ಹೀರಿಕೊಂಡು ಕೆಳಗೆ ಮಾತ್ರ ತೊಟ್ಟಿಕ್ಕುತ್ತದೆ. ಹನಿ ಕಡಿಮೆ, ಸದ್ದೂ ಕಡಿಮೆ.

ಹಳೇ ರೇಡಿಯೋ

ಹೌದು ಹೌದು, ನಮ್ಮ ಮೀಡಿಯಂ ವೇವ್ ರೇಡಿಯೋಗೆ ಲೈನ್ ಹತ್ತಿರ ಹೋದರೆ ಬರೀ ಗರಗರ. ಮಳೆ ಬಂದರೆ ನಿಲ್ದಾಣವೇ ಮುಳುಗುತ್ತದೆ. ಎಫ್‌ಎಂಗೆ ಅಷ್ಟು ತೊಂದರೆ ಇಲ್ಲ. ಒಂದು ಪುಟ್ಟ ಟ್ರಾನ್ಸಿಸ್ಟರ್ ಹಿಡಿದು ಲೈನ್ ಉದ್ದಕ್ಕೂ ನಡೆದರೆ ಯಾವ ಸ್ಪ್ಯಾನಿನಲ್ಲಿ ತೊಂದರೆ ಇದೆ ಅಂತ ಹೇಳಿಬಿಡಬಹುದು.

ಟವರ್ ಹತ್ತಿದವ

ಒಂದು ಮಟ್ಟಕ್ಕೆ ಹೇಳಬಹುದು. ಆದರೆ ಆ ಗದ್ದಲ ಲೈನ್ ಉದ್ದಕ್ಕೂ ಹರಿದು ಬರುತ್ತದೆ, ಹಾಗಾಗಿ ಟ್ರಾನ್ಸಿಸ್ಟರ್ ನಂಬಿ ಒಂದು ಟವರ್ ಮೇಲೆ ಬೆರಳಿಡುವುದು ಕಷ್ಟ. ಬಿಸಿಲಿನ ದಿನವೂ ಸದ್ದು ಮಾಡುವ ಜಾಗ ಹುಡುಕಬೇಕಾದಾಗ ನಾವು ಬೇರೆ ದಾರಿ ಹಿಡಿಯುತ್ತಿದ್ದೆವು.

ಒಂದು ಹೊಸ 400 ಕೆವಿ ಲೈನ್ ನೆನಪಾಗುತ್ತದೆ. ಚಾರ್ಜ್ ಆದ ಮೇಲೆ ಎರಡು ಸ್ಪ್ಯಾನ್ ಮಾತ್ರ ಒಣ ಹವೆಯಲ್ಲೂ ಸುಯ್ ಅನ್ನುತ್ತಿತ್ತು. ಉಳಿದ ಕಡೆ ಏನೂ ಇಲ್ಲ. ಥರ್ಮೋವಿಷನ್ ಕ್ಯಾಮೆರಾದಲ್ಲಿ ನೋಡಿದರು, ಏನೂ ಕಾಣಲಿಲ್ಲ. ಕಾಣುವುದೂ ಇಲ್ಲ, ಕೊರೋನಾ ತಂತಿಯನ್ನು ಕಾಣುವಷ್ಟು ಬಿಸಿ ಮಾಡುವುದಿಲ್ಲ. ಆ ಕ್ಯಾಮೆರಾ ಸಡಿಲ ಜಾಯಿಂಟ್ ಹಿಡಿಯಲು. ಕೊರೋನಾಗೆ ಬೇಕಾದದ್ದು ಯುವಿ ಕ್ಯಾಮೆರಾ, ಹಗಲಲ್ಲೂ ಹಿಡಿಯುತ್ತದೆ. ಅದು ಆಗ ಕೈಗೆ ಸಿಗಲಿಲ್ಲ. ಅಮಾವಾಸ್ಯೆ ಹತ್ತಿರದ ರಾತ್ರಿ, ಕಣ್ಣು ಕತ್ತಲಿಗೆ ಹೊಂದುವವರೆಗೆ ಕಾದು, ಬೈನಾಕ್ಯುಲರ್ ಹಿಡಿದು ನೋಡಿದೆವು. ಕೆಳಗಿನ ಮೈಯಲ್ಲಿ ಚುಕ್ಕಿ ಚುಕ್ಕಿಯಾಗಿ ನೇರಳೆ ಸಾಲು. ಸ್ಪೇಸರ್ ಹತ್ತಿರ ಅಲ್ಲ, ಬರೀ ತಂತಿಯ ಮೇಲೆ.

ಶಟ್‌ಡೌನ್ ತೆಗೆದು ಮೇಲೆ ಹತ್ತಿ ನೋಡಿದರೆ ಹೊರ ಪದರದ ಎಳೆಗಳ ಮೇಲೆ ಉದ್ದುದ್ದ ಗೀರು, ಗೀರಿನ ಅಂಚಿನಲ್ಲಿ ಎದ್ದ ಅಲ್ಯೂಮಿನಿಯಂ ಮುಳ್ಳು. ಆ ಜಾಗದಲ್ಲಿ ತಂತಿ ಎಳೆಯುವಾಗ ಬಂಡೆ ಮೇಲೆ ಉಜ್ಜಿಕೊಂಡು ಬಂದಿತ್ತು. ಸಣ್ಣ ಗೀರುಗಳನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ನುಣ್ಣಗೆ ಮಾಡಿದರು. ಎಳೆ ಕಡಿದ ಒಂದೆರಡು ಕಡೆ ರಿಪೇರಿ ಸ್ಲೀವ್ ಹಾಕಿದರು. ಆ ಮೇಲೆ ಸದ್ದು ನಿಂತಿತು. 400 ಕೆವಿಯಲ್ಲಿ ಟೆನ್ಷನರ್, ಪುಲ್ಲರ್ ಇಟ್ಟು ತಂತಿ ನೆಲಕ್ಕೆ ತಾಗದಂತೆ ಗಾಳಿಯಲ್ಲೇ ಎಳೆಯಬೇಕು ಅನ್ನುವುದು ಇದಕ್ಕೇ. ಸುಮ್ನೆ ಕಟ್ಟುನಿಟ್ಟು ಮಾಡಲು ಬರೆದ ನಿಯಮ ಅಲ್ಲ.

ಶಿರಾ ಹುಡುಗ

ನಷ್ಟ ಎಷ್ಟು ಸರ್? ಪೀಕ್ ಸೂತ್ರದಲ್ಲಿ ಜೋಡಿ ಮೂಸ್‌ಗೆ ಹಾಕಿದರೆ ಬಿಸಿಲಿನಲ್ಲಿ ಸೊನ್ನೆ ಬರುತ್ತಿದೆ, ಯಾಕೆಂದರೆ 15.2 ಮಿತಿಗಿಂತ ಕೆಳಗೆ. ನಿಜವಾಗಿಯೂ ಸೊನ್ನೆಯಾ?

ಸುಮಾ ಲೈನ್ ಡಿಸೈನ್

ಇಲ್ಲ. ಪೀಕ್ 20ನೇ ಶತಮಾನದ ಆರಂಭದಲ್ಲಿ ಒಂಟಿ ತಂತಿಗಳ ಮೇಲೆ ಪ್ರಯೋಗ ಮಾಡಿ ಬರೆದ ಸೂತ್ರ ಅದು. ಕೊರೋನಾ ಎಲ್ಲಿ ಶುರುವಾಗುತ್ತದೆ ಅನ್ನಲು ಈಗಲೂ ಚೆನ್ನಾಗಿದೆ. ನಷ್ಟ ಎಷ್ಟು ಅನ್ನಲು, ಅದರಲ್ಲೂ ಬಂಡಲ್ ತಂತಿಗೆ, ಮಳೆಗೆ, ನಂಬಬೇಡಿ. ಈಗ ಬಳಸುವ ಸೂತ್ರಗಳು ಪ್ರಯೋಗದ ಲೈನುಗಳಲ್ಲಿ ವರ್ಷಗಟ್ಟಲೆ ಅಳೆದು ಕಟ್ಟಿದವು. ಬಿಸಿಲಲ್ಲೂ ಸತ್ತ ಹುಳು, ಹಕ್ಕಿ ಹಿಕ್ಕೆ, ಧೂಳಿನ ಕಣ ಇವೆಲ್ಲ ತಂತಿಯ ಮೇಲೆ ಮೊನೆಗಳೇ. ಹಾಗಾಗಿ ಸ್ವಲ್ಪ ನಷ್ಟ ಇದ್ದೇ ಇರುತ್ತದೆ.

ಅಂದಾಜು ಬೇಕಾದರೆ ಹೀಗೆ ನೋಡಿ. ಜೋಡಿ ಮೂಸ್ ಲೈನ್ 500 ಮೆಗಾವಾಟ್ ಸಾಗಿಸುವಾಗ ಕರೆಂಟ್ 720 ಆಂಪಿಯರ್ ಹತ್ತಿರ. ತಂತಿ ಬಿಸಿಯಾಗಿದ್ದಾಗ ಮೂರು ಫೇಸ್ ಸೇರಿ ಕಿಲೋಮೀಟರಿಗೆ 54 ಕಿಲೋವಾಟ್ ಶಾಖವಾಗಿ ಹೋಗುತ್ತದೆ. ಬಿಸಿಲಿನ ದಿನ ಕೊರೋನಾ ನಷ್ಟ ಕಿಲೋಮೀಟರಿಗೆ ಒಂದೆರಡು ಕಿಲೋವಾಟ್. ಜೋರು ಮಳೆಯಲ್ಲಿ ಅದು ಹತ್ತಾರು ಕಿಲೋವಾಟ್‌ಗೆ ಹಾರುತ್ತದೆ. ಆದರೆ 200 ಕಿಮೀ ಲೈನಿನ ಮೇಲೆ ಒಟ್ಟಿಗೇ ಜೋರು ಮಳೆ ಬರುವುದು ಅಪರೂಪ. ವರ್ಷಪೂರ್ತಿ ಸರಾಸರಿ ತೆಗೆದರೆ ದೊಡ್ಡ ಮೊತ್ತ ಅಲ್ಲ. ಒಂದು ಮಾತು ಮಾತ್ರ ನೆನಪಿಡಿ: ರಾತ್ರಿ ಲೋಡ್ ಕಾಲು ಭಾಗಕ್ಕೆ ಇಳಿದರೆ ಶಾಖದ ನಷ್ಟ ಹದಿನಾರನೇ ಒಂದು ಭಾಗ ಆಗುತ್ತದೆ, ಕೊರೋನಾ ಇಳಿಯುವುದಿಲ್ಲ. ಲೋಡ್ ಕಡಿಮೆ ಇದ್ದಾಗ ವೋಲ್ಟೇಜ್ 420ರ ಕಡೆ ಏರಿದರೆ ಅದು ಇನ್ನೂ ಜಾಸ್ತಿಯೇ ಆಗುತ್ತದೆ.

ಟವರ್ ಹತ್ತಿದವ

ಅದಕ್ಕೇ ಈಗ ಡಿಸೈನಿನಲ್ಲಿ ನಷ್ಟಕ್ಕಿಂತ ಸದ್ದಿನ ಮಾತು ಜಾಸ್ತಿ. 765 ಕೆವಿಯಲ್ಲಿ ಮೊದಲು ನಾಲ್ಕು ಬರ್ಸಿಮಿಸ್ ತಂತಿ ಹಾಕುತ್ತಿದ್ದರು. ಆಮೇಲಿನ ಲೈನುಗಳಲ್ಲಿ ಆರು ಜೀಬ್ರಾ ಬಂತು. ಹುಡುಗಾ, ಎರಡಕ್ಕೂ ನಿನ್ನ ಸೂತ್ರ ಹಾಕಿ ನೋಡು.

ಶಿರಾ ಹುಡುಗ

ಹಾಕಿದೆ. ಫೇಸ್ ಅಂತರ 15 ಮೀಟರ್, ಪಕ್ಕದ ತಂತಿಗಳ ನಡುವೆ 45.7 ಸೆಂಮೀ ಹಿಡಿದೆ.

```
4 × Bersimis : Emax = 16.5 kV/cm
6 × Zebra    : Emax = 14.9 kV/cm
```

ಆಶ್ಚರ್ಯ ಆಗಿದ್ದು ಲೋಹದ ಲೆಕ್ಕ. ನಾಲ್ಕು ಬರ್ಸಿಮಿಸ್‌ನಲ್ಲಿ ಅಲ್ಯೂಮಿನಿಯಂ ಸುಮಾರು 2,760 ಚದರ ಮಿಮೀ. ಆರು ಜೀಬ್ರಾದಲ್ಲಿ 2,570. ಲೋಹ ಕಡಿಮೆ, ಆದರೂ ಒತ್ತಡ ಶೇಕಡಾ 10ರಷ್ಟು ಇಳಿಯಿತು!

ಕಾಪರ್ ಕುಮಾರ

ಹಾಗಾದರೆ ಎಂಟು, ಹತ್ತು ಸಣ್ಣ ತಂತಿ ಹಾಕಿಬಿಡಬಹುದಲ್ಲ? ಎಲ್ಲಿ ನಿಲ್ಲಿಸುತ್ತಾರೆ?

ಸುಮಾ ಲೈನ್ ಡಿಸೈನ್

ಗಾಳಿ ನಿಲ್ಲಿಸುತ್ತದೆ. ಪಕ್ಕದಿಂದ ಗಾಳಿ ಬೀಸಿದಾಗ ಮುಂದಿನ ತಂತಿಯ ಹಿಂದೆ ಸುಳಿ ಏಳುತ್ತದೆ, ಅದರಲ್ಲಿ ಹಿಂದಿನ ತಂತಿ ಕುಣಿಯುತ್ತದೆ. ಎರಡು ಸ್ಪೇಸರ್‌ಗಳ ನಡುವೆ ತಂತಿಗಳು ಹತ್ತಿರ ಬಂದು ದೂರ ಹೋಗಿ ಒಂದಕ್ಕೊಂದು ಬಡಿಯುವುದೂ ಉಂಟು. ಸ್ಪೇಸರ್ ಕ್ಲಾಂಪ್ ಬಳಿ ಎಳೆ ಸವೆಯುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ತಂತಿ ಹೆಚ್ಚಿದಷ್ಟು ಸ್ಪೇಸರ್ ಸಂಖ್ಯೆ, ಟವರ್ ಮೇಲಿನ ಗಾಳಿ ಭಾರ, ಎಳೆಯುವ ಕೂಲಿ ಎಲ್ಲ ಏರುತ್ತವೆ. ಇನ್ನೊಂದು, ಫಾಲ್ಟ್ ಆದಾಗ ಬಂಡಲ್‌ನ ತಂತಿಗಳಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ, ಅವು ಒಂದನ್ನೊಂದು ಸೆಳೆದು ಸ್ಪೇಸರನ್ನು ಹಿಂಡುತ್ತವೆ.

ಅಂತರ ಜಾಸ್ತಿ ಮಾಡಿದರೆ ರಿಯಾಕ್ಟೆನ್ಸ್ ಇಳಿಯುತ್ತಲೇ ಹೋಗುತ್ತದೆ, ಸುಳಿಯ ಕಾಟವೂ ಕಮ್ಮಿ. ಆದರೆ ಒತ್ತಡ ಹಾಗಲ್ಲ, ಒಂದು ಅಂತರದ ನಂತರ ಮತ್ತೆ ನಿಧಾನವಾಗಿ ಏರುತ್ತದೆ. 45 ಸೆಂಮೀ ಈ ಎಳೆದಾಟದ ನಡುವೆ ಎಲ್ಲೋ ಒಪ್ಪಿಕೊಂಡ ಜಾಗ.

ತೆಂಗಿನ ತೋಟ

ಸ್ಪೇಸರ್ ಅಂದರೆ ಎರಡು ತಂತಿ ನಡುವೆ ಅಲ್ಲಲ್ಲಿ ಕಾಣುವ ಅಡ್ಡಪಟ್ಟಿ ತಾನೇ? ನನ್ನ ಹೊಲದ ಮೇಲಿನ ಒಂದು ಸ್ವಲ್ಪ ವಾಲಿದ ಹಾಗಿದೆ, ಬಿಸಿಲಲ್ಲೂ ಅಲ್ಲಿಂದ ಸಣ್ಣ ಸದ್ದು.

ಟವರ್ ಹತ್ತಿದವ

ಹೌದು, ಅದೇ. ಬಿಸಿಲಲ್ಲಿ, ಒಂದೇ ಜಾಗದಿಂದ, ಅದೂ ವಾಲಿದ ಸ್ಪೇಸರ್‌ನಿಂದ ಸದ್ದು ಅಂದರೆ ಅದನ್ನು ಹೇಳಲೇಬೇಕು. ಕ್ಲಾಂಪ್ ಸಡಿಲವಾಗಿ ತಂತಿ ತಿನ್ನುತ್ತಿರಬಹುದು. ಹತ್ತಿರದ ಟವರ್ ಕಾಲಿನ ಮೇಲೆ ನಂಬರ್ ಪ್ಲೇಟ್ ಇರುತ್ತದೆ, ಲೈನಿನ ಹೆಸರೂ ಇರುತ್ತದೆ. ಫೋಟೋ ತೆಗೆದು, ಯಾವ ಟವರಿನಿಂದ ಯಾವ ಕಡೆಗೆ ಎಷ್ಟನೇ ಸ್ಪೇಸರ್ ಅಂತ ಬರೆದು ಕೊಡಿ. ಮೂರು ಫೇಸಿನಲ್ಲಿ ಯಾವುದು ಅನ್ನುವುದನ್ನೂ ಬರೆಯಿರಿ.

ಶಿರಾ ಹುಡುಗ

ಮಧ್ಯದ ಫೇಸ್ ಇರಬಹುದಾ ಯಜಮಾನ್ರೇ? ಈಗ ತಾನೇ ಓದಿದೆ, ಸಾಲಾಗಿ ಇಟ್ಟ ಮೂರರಲ್ಲಿ ನಡುವಿನದಕ್ಕೆ ಒತ್ತಡ ಹೊರಗಿನವಕ್ಕಿಂತ ಶೇಕಡಾ 5–6 ಜಾಸ್ತಿಯಂತೆ. ಹಾಗಾದರೆ ನಮ್ಮ 15.2 ಅಲ್ಲಿ 16 ಮುಟ್ಟಿಬಿಡುತ್ತದಲ್ಲ ಸರ್?

ಸುಮಾ ಲೈನ್ ಡಿಸೈನ್

ಹತ್ತಿರ ಹೋಗುತ್ತದೆ. 15.2 ಮೂರು ಫೇಸಿನ ಸರಾಸರಿಗೆ ಹತ್ತಿರದ ಅಂಕಿ, ನಡುವಿನದು ಅದಕ್ಕಿಂತ ಮೇಲೇ ಇರುತ್ತದೆ. ಬೆಂಗಳೂರಿನ ಎತ್ತರದಲ್ಲಿ 0.85 ಹಿಡಿದದ್ದು ಸರಿಯೇ ಅನ್ನುವುದರ ಬಗ್ಗೆಯೂ ನನಗೂ ಟವರ್ ಸರ್‌ಗೂ ಜಗಳ ಇದೆ, ಹಳೆಯ ತಂತಿಗೆ ನಾನು ಇನ್ನೂ ಕಡಿಮೆ ಹಿಡಿಯುತ್ತೇನೆ. ನೀವು ಮೂರು ಫೇಸಿನ ಪೊಟೆನ್ಶಿಯಲ್ ಕೋಎಫಿಶಿಯಂಟ್ ಮ್ಯಾಟ್ರಿಕ್ಸ್ ಬರೆದು, ನೆಲದ ಪ್ರತಿಬಿಂಬವನ್ನೂ ಸೇರಿಸಿ ಒಮ್ಮೆ ಮಾಡಿ ಹಾಕಿ. ತಂತಿ ನೆಲದಿಂದ ಸರಾಸರಿ 13 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ.

ಟವರ್ ಹತ್ತಿದವ

ಹಳೆಯ ತಂತಿ ಒಣ ಹವೆಯಲ್ಲಿ 0.85ಕ್ಕಿಂತ ಕೆಟ್ಟದಾಗಿರುವುದಿಲ್ಲ ಮೇಡಂ, ನಾನು ಒಪ್ಪುವುದಿಲ್ಲ. ಧೂಳಿನ ಬಳ್ಳಾರಿ ಕಡೆಯ ಲೈನಾದರೆ ಬೇರೆ ಮಾತು. ಹುಡುಗ ಮ್ಯಾಟ್ರಿಕ್ಸ್ ಹಾಕಲಿ, ಆಮೇಲೆ ಮಾತಾಡೋಣ.